ಗ್ಯಾಸ್ಟ್ರೈಟಿಸ್ ಎಂಬ ಸುಳ್ಳು ಸಾರಾಂಶ

ನಮ್ಮ ಆಸ್ಪತ್ರೆಗಳ ಹೊರರೋಗಿ ಚೀಟಿಗಳಲ್ಲಿ ಅತಿ ಹೆಚ್ಚು ಸಲ ಕಾಣಿಸುವ ಪದಗಳಲ್ಲಿ ‘ಗ್ಯಾಸ್ಟ್ರೈಟಿಸ್’ ಒಂದು. ಜಠರದ ಒಳಪದರ ಊದಿಕೊಂಡಿದೆ ಎಂಬುದು ಅದರ ಅರ್ಥ. ಅದು ಊದಿದೆಯೋ ಇಲ್ಲವೋ ತಿಳಿಯಬೇಕಾದರೆ ಬಾಯಿಂದ ಕೊಳವೆ ಇಳಿಸಿ ನೋಡಬೇಕು, ಆ ಪದರದ ಚೂರೊಂದನ್ನು ತೆಗೆದು ಸೂಕ್ಷ್ಮದರ್ಶಕದ ಕೆಳಗೆ ಇಡಬೇಕು. ಚೀಟಿಯಲ್ಲಿ ಅದನ್ನು ಬರೆದವರು ಇವೆರಡನ್ನೂ ಮಾಡಿರುವುದಿಲ್ಲ. ಎದುರಿಗೆ ಕೂತವರು ‘ಗ್ಯಾಸ್ಟ್ರಿಕ್ಕು’ ಅಂದರು, ಇವರು ಅದರ ಬಾಲ ತಿದ್ದಿ ಇಂಗ್ಲಿಷಿನಲ್ಲಿ ಬರೆದರು, ಅಷ್ಟೆ. ಆಮೇಲೆ ಆ ಚೀಟಿ ಊರೂರು ಸುತ್ತುತ್ತದೆ. ಮುಂದಿನ ಸಲ ಬಂದಾಗ ಇನ್ನೊಬ್ಬ ವೈದ್ಯರು ಹಳೆಯ ಹಾಳೆ ನೋಡಿ ‘ಕೆ/ಸಿ/ಓ ಗ್ಯಾಸ್ಟ್ರೈಟಿಸ್’ ಎಂದು ಬರೆಯುತ್ತಾರೆ. ಅಂದರೆ, ಈ ಕಾಯಿಲೆ ಇರುವುದು ಮೊದಲೇ ಗೊತ್ತಾಗಿರುವ ರೋಗಿ. ಯಾರಿಗೆ ಗೊತ್ತಾಗಿತ್ತು, ಯಾವಾಗ, ಹೇಗೆ ಎಂದು ಯಾರೂ ಕೇಳುವುದಿಲ್ಲ.

ರೋಗಿಯ ಉದ್ದನೆಯ ಮಾತನ್ನು ಎರಡು ಸಾಲಿಗೆ ಇಳಿಸುವುದು ವೈದ್ಯಕೀಯದ ದಿನನಿತ್ಯದ ಕೆಲಸ. ಅದನ್ನು ಹೌಸ್ ಸರ್ಜನ್ ಮಾಡುತ್ತಾರೆ, ನರ್ಸ್ ಮಾಡುತ್ತಾರೆ, ಜೊತೆಗೆ ಬಂದ ಮಗನೋ ಸೊಸೆಯೋ ಮಾಡುತ್ತಾರೆ. ಆದರೆ ಆ ಕೆಲಸದ ಹೆಸರಿನಲ್ಲಿ ನಡೆಯುತ್ತಿರುವುದು ಬೇರೆ. ರೋಗಿ ಹೇಳಿದ್ದರಲ್ಲಿ ಎರಡು ಬಗೆಯ ಸಂಗತಿಗಳಿರುತ್ತವೆ: ಏನಾಯಿತು ಎಂಬುದು ಒಂದು, ಅದು ಏಕಾಯಿತು ಎಂಬ ಆಕೆಯ ಊಹೆ ಇನ್ನೊಂದು. ಚಿಕ್ಕದು ಮಾಡುವಾಗ ಬಿಡಬೇಕಾದದ್ದು ಊಹೆಯನ್ನು. ನಾವು ಊಹೆಯನ್ನು ಇಟ್ಟುಕೊಂಡು, ಆದದ್ದನ್ನು ಬಿಡುತ್ತಿದ್ದೇವೆ. ಬಾಣಲೆಯಿಂದ ವಡೆ ತೆಗೆದು ಎಸೆದು ಎಣ್ಣೆಯನ್ನು ಎಲೆಗೆ ಬಡಿಸಿದ ಹಾಗೆ.

ಒಂದು ಮಾತುಕತೆಯನ್ನೇ ಇಡುತ್ತೇನೆ. ಇದು ಯಾರೊಬ್ಬರದೂ ಅಲ್ಲ, ಇಂಥ ಹಲವರ ಮಾತುಗಳಿಂದ ಕಟ್ಟಿದ್ದು. ಮಂಡ್ಯದ ಕಡೆಯ ಐವತ್ತೆಂಟು ವರ್ಷದ ಹೆಂಗಸು, ಎಂಟು ವರ್ಷದಿಂದ ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುತ್ತಿದ್ದಾರೆ. ಬಂದಿರುವುದು ಪಿತೃಪಕ್ಷದ ನಡುವೆ. ಕೂರುವ ಮೊದಲೇ ಸೊಸೆ ಹೇಳಿ ಮುಗಿಸಿದ್ದಾಳೆ: “ಅತ್ತೆಗೆ ಗ್ಯಾಸ್ಟ್ರಿಕ್ ಜಾಸ್ತಿ ಸಾರ್.” ಏನಾಗುತ್ತೆ ಹೇಳೀಮ್ಮ ಅಂದರೆ ಆಕೆ ಶುರು ಮಾಡುತ್ತಾರೆ:

“ಏನ್ ಹೇಳ್ಲಪ್ಪ ಡಾಕ್ಟ್ರೇ, ನಂಗೆ ಮೊದ್ಲಿಂದ್ಲೂ ಗ್ಯಾಸ್ಟ್ರಿಕ್ಕೇ. ಗೌರಿ ಹಬ್ಬಕ್ಕೆ ಮಗಳ ಮನೆಗೆ ಬಾಗಿನ ತಗಂಡು ಹೋಗಿದ್ದೆ. ಒಬ್ಬಟ್ಟು ಮಾಡಿದ್ಲು, ಬ್ಯಾಡ ಅಂದ್ರೂ ಬಿಡ್ಲಿಲ್ಲ, ಎರಡು ತಿಂದೆ. ಅವ್ರ ಊರಲ್ಲಿ ದೇವಸ್ಥಾನ ದಿಬ್ಬದ ಮೇಲೈತೆ. ಹತ್ತಾ ಇದ್ದಂಗೆ ಎದೆ ಹಿಡ್ಕಂಡಂಗಾಯ್ತು. ನೋವಲ್ಲ, ನೋವೇನಿಲ್ಲ, ಇಲ್ಲಿ ಕಲ್ಲು ಏರ್ದಂಗೆ. ದವಡೆ ತಕ ಎಳೀತು, ಹಲ್ಲಿಂದೇ ಇರ್ಬೇಕು ಅಂದ್ಕಂಡೆ, ನಂದು ಒಂದು ಹಲ್ಲು ಹುಳುಕೈತೆ. ಅಲ್ಲೇ ಕಟ್ಟೆ ಮೇಲೆ ಕುಂತೆ, ಒಂದು ತೇಗು ಬಂತು, ಸರೋಯ್ತು. ಆಮೇಲೆ ಅವಾಗವಾಗ ಬತ್ತಾನೇ ಐತೆ. ಮೊನ್ನೆ ನಮ್ಮತ್ತೆ ಪಕ್ಷ ಮಾಡಿದ್ವಿ, ವಡೆ ತಿಂದಿದ್ದೆ. ಅವತ್ತಿಂದ ಹಾಲಿನ ಡೈರಿಗೆ ಹೋಗಿ ಬರೋದ್ರಲ್ಲೇ ಎರಡು ಸಲ ನಿಂತ್ಕತೀನಿ. ಸೋಡಾ ಕುಡುದ್ರೆ ಒಂಚೂರು ವಾಸಿ. ರಾತ್ರಿ ನಿದ್ದೆ ಬರಲ್ಲ, ಮಗನಿಗೆ ಹೆಣ್ಣು ಸಿಕ್ತಾ ಇಲ್ಲ...”

ಇದು ಸುಮಾರು ಒಂದು ನಿಮಿಷದ ಮಾತು. ‘ಎಡವಟ್ಟು ಮಾತು’, ‘ಸುತ್ತಿ ಬಳಸಿ ಹೇಳ್ತಾರೆ’ ಎಂದು ನಾವು ತಲೆ ಚಚ್ಚಿಕೊಳ್ಳುವ ಮಾತು ಇಂಥದ್ದೇ. ಚೀಟಿಗೆ ಹೋಗುವುದು ಇಷ್ಟು: ‘ಗ್ಯಾಸ್ಟ್ರೈಟಿಸ್, ಮೂರು ವಾರ. ಎದೆನೋವು ಇಲ್ಲ. ಸಕ್ಕರೆ ಕಾಯಿಲೆ ಇದೆ.’ ಕೆಳಗೆ ಪ್ಯಾಂಟೊಪ್ರಜೋಲ್, ಬೆಳಿಗ್ಗೆ ತಿಂಡಿಗೆ ಮೊದಲು ಒಂದು.

ಈ ಸಾರಾಂಶದಲ್ಲಿ ನನಗೆ ಹೆಚ್ಚು ಸಿಟ್ಟು ಬರಿಸುವುದು ಗ್ಯಾಸ್ಟ್ರೈಟಿಸ್ ಕೂಡ ಅಲ್ಲ, ‘ಎದೆನೋವು ಇಲ್ಲ’ ಎಂಬ ಎರಡು ಪದ. ಕೇಳಿದ ಪ್ರಶ್ನೆಗೆ ಆಕೆ ಸರಿಯಾಗಿಯೇ ಉತ್ತರಿಸಿದ್ದಾರೆ. ಕನ್ನಡದಲ್ಲಿ ನೋವು ಎಂದರೆ ಚುಚ್ಚಬೇಕು, ಸಿಡಿಯಬೇಕು, ಮುಟ್ಟಿದರೆ ‘ಅಯ್ಯೋ’ ಎನ್ನಿಸಬೇಕು. ಹಿಡಿದುಕೊಳ್ಳುವುದು, ಭಾರವಾಗುವುದು, ಬಿಗಿಯುವುದು ನೋವಲ್ಲ. ಇಂಗ್ಲಿಷಿನ ವೈದ್ಯಭಾಷೆಯಲ್ಲಿ ಎದೆನೋವು ಎಂಬ ಪೆಟ್ಟಿಗೆಯೊಳಗೆ ಇವೆಲ್ಲವೂ ಸೇರಿವೆ. ಹೃದಯದ ರಕ್ತನಾಳ ಕಟ್ಟಿಕೊಂಡಾಗ ಬರುವ ಸಂಕಟ ಹೆಚ್ಚಾಗಿ ಇರುವುದೂ ಹೀಗೆಯೇ: ಒತ್ತಿದಂತೆ, ಹಿಂಡಿದಂತೆ. ಹಾಗಾಗಿ ‘ನೋವಿಲ್ಲ’ ಎಂಬ ಸರಿಯಾದ ಕನ್ನಡ ‘ಎದೆನೋವು ಇಲ್ಲ’ ಎಂಬ ತಪ್ಪು ವರದಿಯಾಗುತ್ತದೆ. ಬರೆಯದೆ ಬಿಟ್ಟಿದ್ದರೆ ಮುಂದಿನವರು ಕೇಳಿಯಾದರೂ ಕೇಳುತ್ತಿದ್ದರು. ಇಲ್ಲ ಎಂದು ಬರೆದ ಮೇಲೆ ಕೇಳುವುದಿಲ್ಲ. ಕಾಗದದ ಮೇಲಿನ ‘ಇಲ್ಲ’ ಒಂದು ಬೀಗ.

ಆಕೆಯ ಮಾತಿನಲ್ಲಿ ಏನಿತ್ತು ಎಂದು ಈಗ ನೋಡೋಣ. 1768ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಹೆಬರ್ಡನ್ ಅಲ್ಲಿನ ವೈದ್ಯರ ಕಾಲೇಜಿನಲ್ಲಿ ಒಂದು ಪ್ರಬಂಧ ಓದಿದ. ಎದೆಯ ಒಂದು ತೊಂದರೆಯನ್ನು ವಿವರಿಸಿ ಅದಕ್ಕೆ ‘ಅಂಜೈನಾ ಪೆಕ್ಟೊರಿಸ್’ ಎಂದು ಹೆಸರಿಟ್ಟ. ಆಗ ಇಸಿಜಿ ಇಲ್ಲ, ಸ್ಟೆತಾಸ್ಕೋಪು ಕೂಡ ಹುಟ್ಟಿರಲಿಲ್ಲ. ಅವನ ಹತ್ತಿರ ಇದ್ದದ್ದು ರೋಗಿಗಳ ಮಾತು ಮತ್ತು ತಾನು ಬರೆದಿಟ್ಟುಕೊಂಡ ಟಿಪ್ಪಣಿ ಮಾತ್ರ. ಅವನು ಕಂಡದ್ದು ಇದು: ಈ ತೊಂದರೆ ನಡೆಯುವಾಗ ಬರುತ್ತದೆ, ಅದರಲ್ಲೂ ಏರು ಹತ್ತುವಾಗ, ಅದರಲ್ಲೂ ಊಟವಾದ ಸ್ವಲ್ಪ ಹೊತ್ತಿಗೆ; ನಿಂತರೆ ಮಾಯವಾಗುತ್ತದೆ. ಮಂಡ್ಯದ ಹೆಂಗಸು ಹೇಳಿದ್ದರಲ್ಲಿ ಒಬ್ಬಟ್ಟನ್ನೂ ದಿಬ್ಬವನ್ನೂ ಕಟ್ಟೆಯನ್ನೂ ಬಿಡಿಸಿ ನೋಡಿ. ಅದೇ ವಾಕ್ಯ. (ಹೆಬರ್ಡನ್ನನ ಬರಹ ಅಚ್ಚಾದ ಮೇಲೆ ಅದನ್ನು ಓದಿದ ಒಬ್ಬ ರೋಗಿ ಹೆಸರು ಹೇಳದೆ ಅವನಿಗೆ ಕಾಗದ ಬರೆದ. ನನಗೂ ಹೀಗೇ ಆಗುತ್ತದೆ, ಸತ್ತರೆ ಕೊಯ್ದು ನೋಡಿ ಎಂದು. ಸ್ವಲ್ಪ ದಿನದಲ್ಲೇ ಸತ್ತ, ಕೊಯ್ದೂ ನೋಡಿದರು. ರೋಗಿಯ ಬರವಣಿಗೆ ವೈದ್ಯಶಾಸ್ತ್ರದೊಳಗೆ ಹೋದ ದಾರಿಗಳಲ್ಲಿ ಇದೊಂದು.)

ಊಟವಾದ ಮೇಲೆ ಜಠರ ಕರುಳುಗಳಿಗೆ ರಕ್ತ ಹೆಚ್ಚು ಬೇಕು, ಹೃದಯದ ಕೆಲಸ ಅಷ್ಟಕ್ಕೇ ಏರುತ್ತದೆ. ಅದರ ಮೇಲೆ ದಿಬ್ಬ ಹತ್ತಿದರೆ ಕಿರಿದಾದ ರಕ್ತನಾಳ ಪೂರೈಸಲಾರದು. ಆದ್ದರಿಂದ ರೋಗಿ ಊಟವನ್ನು ದೂರುವುದರಲ್ಲಿ ತಪ್ಪಿಲ್ಲ, ಅದೂ ಒಂದು ಪಾಲು ಕಾರಣವೇ. ಇನ್ನು ತೇಗು. ಕೂತಾಗ ತೇಗು ಬಂತು, ಆರಾಮವಾಯಿತು ಎನ್ನುತ್ತಾರೆ. ಆದರೆ ತೇಗಿದ್ದು ಒಂದು, ಕೂತದ್ದು ಇನ್ನೊಂದು. ಯಾವುದರಿಂದ ಆರಾಮವಾಯಿತು? ಚಿಕ್ಕದು ಮಾಡುವವರ ಕೆಲಸ ಇಲ್ಲಿದೆ, ಮತ್ತು ಅದು ಬರೀ ಪದ ಕಡಿತವಲ್ಲ. ಕತೆಯಲ್ಲಿ ಹೆಣೆದುಕೊಂಡಿರುವ ಎರಡು ಎಳೆಗಳನ್ನು ಬೇರೆ ಮಾಡಬೇಕು. ಅದಕ್ಕೆ ಎರಡೇ ಪ್ರಶ್ನೆ ಸಾಕು. “ಅಮ್ಮ, ಹೊಟ್ಟೆತುಂಬ ಊಟ ಮಾಡಿ ಎಲ್ಲಿಗೂ ಹೋಗದೆ ಮನೇಲೇ ಕೂತಿದ್ರೆ ಹಿಂಗಾಗುತ್ತಾ?” “ಬೆಳಿಗ್ಗೆ ಏನೂ ತಿನ್ನದೆ ಡೈರಿಗೆ ಹೋದಾಗ ಆಗುತ್ತಾ?” ಮೊದಲನೆಯದಕ್ಕೆ ಇಲ್ಲ, ಎರಡನೆಯದಕ್ಕೆ ಹೌದು ಎಂದರೆ ಒಬ್ಬಟ್ಟು, ವಡೆ, ತೇಗು ಮೂರೂ ಹಿಂದೆ ಸರಿದು ನಡಿಗೆಯೊಂದೇ ಉಳಿಯುತ್ತದೆ. ಸೋಡಾಕ್ಕೂ ಇದೇ ನ್ಯಾಯ: ಸೋಡಾ ಕುಡಿಯುವವರು ನಡೆಯುತ್ತಾ ಕುಡಿಯುವುದಿಲ್ಲ, ನಿಂತು ಕುಡಿಯುತ್ತಾರೆ.

1962ರಲ್ಲಿ ಜೆಫ್ರಿ ರೋಸ್ ಎಂಬ ವೈದ್ಯ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಒಂದು ಪ್ರಶ್ನಾವಳಿ ಪ್ರಕಟಿಸಿದ. ಊರೂರಿಗೆ ಹೋಗಿ ಜನರಲ್ಲಿ ಈ ತೊಂದರೆ ಎಷ್ಟಿದೆ ಎಂದು ಎಣಿಸಲು ಮಾಡಿದ್ದು. ಅದರ ಪ್ರಶ್ನೆಗಳ ಜಾಣತನ ನೋಡಬೇಕು. ಎದೆಯಲ್ಲಿ ನೋವು ಅಥವಾ ಇರುಸುಮುರುಸು ಇದೆಯೇ? ಏರು ಹತ್ತುವಾಗ, ಬೇಗ ನಡೆಯುವಾಗ ಬರುತ್ತದೆಯೇ? ಸಮನೆಲದಲ್ಲಿ ಸಾಧಾರಣವಾಗಿ ನಡೆದಾಗಲೂ? ಬಂದರೆ ಏನು ಮಾಡುತ್ತೀರಿ? ನಿಂತರೆ ಹೋಗುತ್ತದೆಯೇ, ಹತ್ತು ನಿಮಿಷದ ಒಳಗೋ ಹೊರಗೋ? ಎಲ್ಲಿ ಬರುತ್ತದೆ, ತೋರಿಸಿ. ‘ನಿಮಗೆ ಗ್ಯಾಸ್ಟ್ರಿಕ್ ಇದೆಯೇ’ ಎಂದಾಗಲೀ ‘ಹಾರ್ಟ್ ತೊಂದರೆ ಇದೆಯೇ’ ಎಂದಾಗಲೀ ಅದು ಕೇಳುವುದಿಲ್ಲ. ಏಕೆ ಎಂಬುದನ್ನು ರೋಗಿಗೆ ಕೇಳದೆ, ಯಾವಾಗ, ಎಲ್ಲಿ, ಎಷ್ಟು ಹೊತ್ತು, ಆಗ ನೀವೇನು ಮಾಡಿದಿರಿ ಎಂಬುದನ್ನು ಮಾತ್ರ ಕೇಳುತ್ತದೆ. ‘ಏನು ಮಾಡುತ್ತೀರಿ’ ಎಂಬ ಪ್ರಶ್ನೆ ಎಲ್ಲಕ್ಕಿಂತ ಬೆಲೆಯುಳ್ಳದ್ದು ಎಂದು ನನ್ನ ಎಣಿಕೆ. ಮನುಷ್ಯರು ತಮಗೆ ಅನಿಸಿದ್ದಕ್ಕೆ ಹೆಸರಿಡುವಾಗ ಎಡವಬಹುದು, ನಿಂತದ್ದನ್ನು ಹೇಳುವಾಗ ಎಡವುವುದಿಲ್ಲ. ಡೈರಿಗೆ ಹೋಗಿಬರುವಾಗ ಎರಡು ಸಲ ನಿಂತೆ ಅನ್ನುವುದರಲ್ಲಿ ಊಹೆಯೇ ಇಲ್ಲ.

ಕಾಲದ ಲೆಕ್ಕವೂ ಹಾಗೆಯೇ. ಹಬ್ಬ, ಬಾಗಿನ, ಅತ್ತೆಯ ಪಕ್ಷ, ಇವನ್ನು ಅಡ್ಡಮಾತು ಎಂದು ತಳ್ಳುತ್ತೇವೆ. ಆಕೆಯ ಪಂಚಾಂಗ ಅದು. ಗೌರಿ ಹಬ್ಬ ಭಾದ್ರಪದದ ತದಿಗೆ, ಬೆರಳಲ್ಲಿ ಎಣಿಸಿದರೆ ಮೂರು ವಾರ. ಅಲ್ಲಿಂದ ಮೊನ್ನೆಯವರೆಗೆ ಏರಿನಲ್ಲಿ ಮಾತ್ರ ಬರುತ್ತಿದ್ದುದು, ಅತ್ತೆಯ ಪಕ್ಷದಿಂದ, ಅಂದರೆ ನಾಲ್ಕು ದಿನದಿಂದ, ಸಮನೆಲದಲ್ಲೂ ಬರುತ್ತಿದೆ. ‘ಮೂರು ವಾರ’ ಎಂದು ಬರೆದ ಚೀಟಿಯಲ್ಲಿ ಇದು ಸತ್ತುಹೋಯಿತು. ಒಂದೇ ಹದದಲ್ಲಿ ಮೂರು ವಾರದಿಂದ ಇರುವ ತೊಂದರೆಗೂ, ನಾಲ್ಕು ದಿನದಿಂದ ಕಡಿಮೆ ಶ್ರಮಕ್ಕೇ ಬರತೊಡಗಿದ ತೊಂದರೆಗೂ ಮಾಡಬೇಕಾದ ಕೆಲಸ ಬೇರೆ ಬೇರೆ. ಹೊಸದಾಗಿ ಶುರುವಾಗಿ ದಿನದಿನಕ್ಕೆ ಏರುತ್ತಿರುವುದನ್ನು ವೈದ್ಯರು ಅಸ್ಥಿರ ಅಂಜೈನಾ ಎಂದು ಕರೆಯುತ್ತಾರೆ. ಅದಕ್ಕೆ ಅವತ್ತೇ ಇಸಿಜಿ ಬೇಕು, ಟ್ರೊಪೋನಿನ್ ರಕ್ತಪರೀಕ್ಷೆ ಬೇಕು, ಕೆಲವು ಗಂಟೆ ಬಿಟ್ಟು ಅದನ್ನು ಮತ್ತೆ ಮಾಡಬೇಕಾಗಬಹುದು. ಆರಾಮವಾಗಿ ಮಲಗಿರುವಾಗ ತೆಗೆದ ಇಸಿಜಿ ಸರಿಯಾಗಿಯೇ ಕಾಣಬಹುದು, ಅದನ್ನು ನೋಡಿ ಮನೆಗೆ ಕಳಿಸುವಂತಿಲ್ಲ. ಕಳಿಸಬಾರದು ಎಂಬ ಎಚ್ಚರ ಇಲ್ಲಿ ಯಂತ್ರದಿಂದ ಬರುವುದಿಲ್ಲ, ಚೀಟಿಯ ಸಾಲಿನಿಂದ ಬರಬೇಕು.

ಆ ಸಾಲು ಹೀಗಿದ್ದರೆ ಸಾಕು:

‘58 ವರ್ಷ, ಹೆಂಗಸು, ಸಕ್ಕರೆ ಕಾಯಿಲೆ 8 ವರ್ಷ. 3 ವಾರದಿಂದ ನಡೆದಾಗ ಎದೆಯ ನಡುವೆ ಭಾರ/ಹಿಡಿತ (ಮುಷ್ಟಿಯಿಂದ ತೋರಿಸುತ್ತಾರೆ), ದವಡೆಗೆ ಎಳೆತ. ನಿಂತರೆ ಸುಮಾರು 5 ನಿಮಿಷದಲ್ಲಿ ಹೋಗುತ್ತದೆ. ಮೊದಲು ಏರಿನಲ್ಲಿ, 4 ದಿನದಿಂದ ಸಮನೆಲದಲ್ಲೂ. ಊಟದ ಮೇಲೆ ನಡೆದರೆ ಹೆಚ್ಚು. ಖಾಲಿ ಹೊಟ್ಟೆಯಲ್ಲೂ ನಡೆದರೆ ಬರುತ್ತದೆ, ಉಂಡು ಕೂತರೆ ಇಲ್ಲ. ರೋಗಿಯ ಮಾತು: “ಗ್ಯಾಸ್ಟ್ರಿಕ್, ನೋವಲ್ಲ, ಕಲ್ಲು ಏರ್ದಂಗೆ”.’

ಇದನ್ನು ಇಂಗ್ಲಿಷಿನಲ್ಲಿ, ವೈದ್ಯರ ಸಂಕೇತಾಕ್ಷರಗಳಲ್ಲಿ ಬರೆದರೆ ಇನ್ನೂ ಚಿಕ್ಕದಾಗುತ್ತದೆ. ಓದಲು ಹದಿನೈದು ಸೆಕೆಂಡು. ಮಗನಿಗೆ ಹೆಣ್ಣು ಸಿಗದ್ದು ಇದರಲ್ಲಿಲ್ಲ, ಒಬ್ಬಟ್ಟಿಲ್ಲ, ಹುಳುಕು ಹಲ್ಲಿಲ್ಲ. ರೋಗದ ಹೆಸರೂ ಇಲ್ಲ, ಗ್ಯಾಸ್ಟ್ರೈಟಿಸೂ ಇಲ್ಲ ಅಂಜೈನಾವೂ ಇಲ್ಲ. ರೋಗನಿರ್ಣಯಕ್ಕೆ ಕಾಗದದ ಕೆಳಗೆ ಬೇರೆ ಜಾಗವಿದೆ. ಮೇಲಿನ ಜಾಗದಲ್ಲಿ ಅದನ್ನು ತಂದು ಕೂರಿಸಿದರೆ ಓದುವವರಿಗೆ ಅನುಮಾನಪಡಲು ಏನೂ ಉಳಿಯುವುದಿಲ್ಲ. ಗ್ಯಾಸ್ಟ್ರಿಕ್ ಎಂಬ ಮಾತನ್ನು ಮಾತ್ರ ಉದ್ಧರಣ ಚಿಹ್ನೆಯೊಳಗೆ ಇಟ್ಟಿದ್ದೇನೆ, ಏಕೆಂದರೆ ಆಕೆ ಏನೆಂದು ನಂಬಿದ್ದಾರೆ ಎಂಬುದೂ ಒಂದು ಸಂಗತಿ. ಗ್ಯಾಸ್ಟ್ರಿಕ್ ಎಂದು ನಂಬಿದವರು ರಾತ್ರಿ ಎರಡು ಗಂಟೆಗೆ ಎದೆ ಹಿಡಿದರೆ ಸೋಡಾ ಹುಡುಕುತ್ತಾರೆ, ಆಂಬುಲೆನ್ಸ್ ಅಲ್ಲ.

ಇಲ್ಲಿಗೆ ವೈದ್ಯರನ್ನು ಬೈದದ್ದು ಸಾಕು. ಸಾಹಿತ್ಯದವರ ಕಡೆಗೂ ತಿರುಗಬೇಕಿದೆ, ಇದನ್ನು ಓದುತ್ತಿರುವವರಲ್ಲಿ ಅವರೇ ಹೆಚ್ಚು. ರೋಗಿಯ ಕತೆಯನ್ನು ಚಿಕ್ಕದು ಮಾಡುವುದೇ ಹಿಂಸೆ, ಕೇಸ್ ಷೀಟಿನ ಭಾಷೆಯೇ ಅಧಿಕಾರದ ಭಾಷೆ, ರೋಗಿಯ ದನಿಯನ್ನು ಅದು ಅಡಗಿಸುತ್ತದೆ ಎಂಬ ಮಾತು ನಮ್ಮ ವಿಚಾರಗೋಷ್ಠಿಗಳಲ್ಲಿ ಕೇಳಿ ಬರುತ್ತದೆ. ಅಮೆರಿಕದ ವೈದ್ಯೆ ರೀಟಾ ಶಾರೋನ್ ಕಟ್ಟಿದ ‘ಕಥನ ವೈದ್ಯಕೀಯ’ವನ್ನು ಅರ್ಧಂಬರ್ಧ ಕೇಳಿಸಿಕೊಂಡವರ ಮಾತಿದು, ಅವರು ಹೇಳಿದ್ದು ವೈದ್ಯರು ಕತೆಯನ್ನು ಹತ್ತಿರದಿಂದ ಓದುವುದನ್ನು ಕಲಿಯಬೇಕು ಎಂದು, ಬರೆದುಕೊಳ್ಳಬಾರದು ಎಂದಲ್ಲ. ಮಂಡ್ಯದ ಹೆಂಗಸಿನ ಪೂರ್ತಿ ಮಾತನ್ನು ಒಂದಕ್ಷರ ಬಿಡದೆ ಬರೆದು ಫೈಲಿಗೆ ಸೇರಿಸಿದರು ಎನ್ನಿ. ರಾತ್ರಿ ಪಾಳಿಯ ವೈದ್ಯರು, ಮೂವತ್ತು ಹಾಸಿಗೆಯ ವಾರ್ಡಿನಲ್ಲಿ, ಅದನ್ನು ಓದುವುದಿಲ್ಲ. ಓದದ ಕಾಗದದಲ್ಲಿ ಯಾರ ದನಿಯೂ ಇರುವುದಿಲ್ಲ. ಆಕೆ ಎಚ್ಚರ ತಪ್ಪಿ ಮಾತಾಡಲಾಗದ ಹೊತ್ತಿಗೆ ಆಕೆಯ ಪರವಾಗಿ ಮಾತಾಡುವುದು ಆ ನಾಲ್ಕು ಸಾಲು ಮಾತ್ರ. ಕವಿತೆ ಅನುವಾದ ಮಾಡುವವರು ಯಾವ ಪದ ಹೋದರೂ ಪರವಾಗಿಲ್ಲ, ಯಾವುದು ಹೋಗಕೂಡದು ಎಂದು ವಾರಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಅದೇ ಲೆಕ್ಕಾಚಾರ ಹೊರರೋಗಿ ವಿಭಾಗದಲ್ಲಿ ನಡೆದಾಗ ಅದನ್ನು ಹಿಂಸೆ ಎನ್ನುವುದು ಸೋಮಾರಿತನ.

ಹೊತ್ತೆಲ್ಲಿದೆ ಎಂದು ವೈದ್ಯರು ಕೇಳುತ್ತಾರೆ, ಆ ಪ್ರಶ್ನೆ ಸುಳ್ಳಲ್ಲ. 2017ರಲ್ಲಿ ಬಂದ ಒಂದು ಸಮೀಕ್ಷೆ 67 ದೇಶಗಳ ಲೆಕ್ಕ ಕೂಡಿಸಿ ನೋಡಿತು: ಪ್ರಾಥಮಿಕ ಹಂತದ ವೈದ್ಯರು ಒಬ್ಬ ರೋಗಿಗೆ ಕೊಡುವ ಸಮಯ ಸ್ವೀಡನ್ನಿನಲ್ಲಿ ಇಪ್ಪತ್ತೆರಡೂವರೆ ನಿಮಿಷ, ಬಾಂಗ್ಲಾದೇಶದಲ್ಲಿ 48 ಸೆಕೆಂಡು. ಭಾರತದ್ದು ಸುಮಾರು ಎರಡು ನಿಮಿಷ. ಇನ್ನೊಂದು ಕಡೆ, ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಲ್ಲಿ 335 ರೋಗಿಗಳನ್ನು ತಡೆಯದೆ ಮಾತಾಡಲು ಬಿಟ್ಟು ಗಡಿಯಾರ ಹಿಡಿದು ನೋಡಿದರು; 2002ರಲ್ಲಿ ಪ್ರಕಟವಾದ ಆ ಲೆಕ್ಕದ ಪ್ರಕಾರ ಅವರು ತಾವಾಗಿಯೇ ಮಾತು ನಿಲ್ಲಿಸಿದ್ದು ಸರಾಸರಿ 92 ಸೆಕೆಂಡಿಗೆ. ಅದಕ್ಕೂ ಮೊದಲು, 1984ರಲ್ಲಿ, ಅಮೆರಿಕದ ಬೆಕ್‌ಮನ್ ಮತ್ತು ಫ್ರಾಂಕೆಲ್ ವೈದ್ಯರು ರೋಗಿಯ ಮಾತನ್ನು ಸರಾಸರಿ 18 ಸೆಕೆಂಡಿಗೇ ತಡೆಯುತ್ತಾರೆ ಎಂದು ತೋರಿಸಿದ್ದರು. ಮಂಡ್ಯದ ಹೆಂಗಸನ್ನು ಹದಿನೆಂಟನೇ ಸೆಕೆಂಡಿನಲ್ಲಿ ತಡೆದರೆ ಆಕೆ ಇನ್ನೂ ಒಬ್ಬಟ್ಟಿನಲ್ಲೇ ಇರುತ್ತಾರೆ. ದಿಬ್ಬ ಆಮೇಲೆ ಬರುತ್ತದೆ.

ಹಾಗೆಂದು ಎಲ್ಲರಿಗೂ 92 ಸೆಕೆಂಡು ಕೊಡಿ ಎಂದು ನಾನು ಹೇಳುವುದಿಲ್ಲ. ಇರುವುದೇ ಎರಡು ನಿಮಿಷವಾದರೆ ಅದಾಗದು. ಆದರೆ ಸರತಿಯಲ್ಲಿ ಒಂದು ಗಂಟೆ ನಿಂತ ರೋಗಿಯನ್ನು ಆ ಹೊತ್ತಿನಲ್ಲಿ ಕೇಳಬಲ್ಲವರು ಆಸ್ಪತ್ರೆಯಲ್ಲಿ ಇದ್ದಾರೆ. ರಕ್ತದೊತ್ತಡ ನೋಡುವ ನರ್ಸ್ ಇದ್ದಾರೆ, ವಿದ್ಯಾರ್ಥಿಗಳಿದ್ದಾರೆ. ಅವರಿಗೂ ಆಗದಿದ್ದರೆ ಕನಿಷ್ಠ ಇಷ್ಟು: ಹೊಕ್ಕುಳಿನಿಂದ ದವಡೆಯವರೆಗಿನ ಯಾವುದೇ ತೊಂದರೆಗೆ, ರೋಗಿ ಅದನ್ನು ಏನೆಂದೇ ಕರೆಯಲಿ, “ನಡೆದರೆ ಬರುತ್ತಾ, ನಿಂತರೆ ಹೋಗುತ್ತಾ?” ಎಂದು ಕೇಳಿ, ಉತ್ತರವನ್ನು ಬರೆಯುವುದು. ಹತ್ತು ಸೆಕೆಂಡಿನ ಕೆಲಸ. ಇದೂ ಎಲ್ಲರನ್ನೂ ಹಿಡಿಯುವುದಿಲ್ಲ. ಸಕ್ಕರೆ ಕಾಯಿಲೆಯವರಲ್ಲಿ, ವಯಸ್ಸಾದವರಲ್ಲಿ ಎದೆಯಲ್ಲಿ ಏನೂ ಆಗದೆ ಬರೀ ಏದುಸಿರೋ ಬೆವರೋ ಸುಸ್ತೋ ಆಗಿ ಹೃದಯ ಕೈಕೊಡುವುದುಂಟು.

ಅಂಥಲ್ಲಿ ಪದದ ತೊಡಕು ಇನ್ನೊಂದು. ಕೋಲಾರದ ಕಡೆ ತೆಲುಗು ಬೆರೆತ ಬಾಯಲ್ಲಿ ಯಾರಾದರೂ ‘ಆಯಾಸ’ ಎಂದರೆ ಅದನ್ನು ದಣಿವು ಎಂದು ಬರೆಯುವ ಮೊದಲು ಕೇಳಬೇಕು, ತೆಲುಗಿನಲ್ಲಿ ಆಯಾಸವೆಂದರೆ ಏದುಸಿರು. ಒಂದು ರಕ್ತಹೀನತೆಯ ಕಡೆ ಕರೆದೊಯ್ದರೆ ಇನ್ನೊಂದು ಹೃದಯ ಶ್ವಾಸಕೋಶಗಳ ಕಡೆ. ‘ತಲೆಸುತ್ತು’ ಎಂದವರಲ್ಲಿ ಒಬ್ಬರಿಗೆ ಕೋಣೆ ಗಿರ್ರನೆ ತಿರುಗುತ್ತದೆ, ಒಬ್ಬರಿಗೆ ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತದೆ, ಇನ್ನೊಬ್ಬರಿಗೆ ನಡೆಯುವಾಗ ಓಲಾಡಿದಂತಾಗುತ್ತದೆ. ಚೀಟಿಯಲ್ಲಿ ಮೂವರೂ ‘ಗಿಡ್ಡಿನೆಸ್’. ಬಿಡಿಸಿ ಕೇಳಲು ಹೊತ್ತಿಲ್ಲದಿದ್ದರೆ ಆ ಇಂಗ್ಲಿಷ್ ಪದ ಬರೆಯಬೇಡಿ. ‘ಆಯಾಸ’ ಎಂದು ಕನ್ನಡದಲ್ಲೇ ಬರೆದು, ಪಕ್ಕಕ್ಕೊಂದು ಪ್ರಶ್ನೆ ಚಿಹ್ನೆ ಹಾಕಿ. ಮುಂದಿನವರು ಅದನ್ನು ನೋಡಿ ಕೇಳುತ್ತಾರೆ.